ಲವೋನ್ ಆರಿಸಿದ ಚುಕ್ಕೆ

ಅಮೆರಿಕದ ಮ್ಯಾಡಿಸನ್ನಿನ ನಮ್ಮ ಪ್ರಯೋಗಾಲಯದಲ್ಲಿ ಲವೋನ್ ಟೆಶ್ ಅವರ ಕೆಲಸವೇನು ಎಂದು ಹೊಸಬರು ಕೇಳಿದರೆ ನಾವು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದೆವು. ಕಾಗದದ ಮೇಲೆ ಆಕೆ ತಂತ್ರಜ್ಞೆ. ಆದರೆ ಬ್ಯಾಕ್ಟೀರಿಯಗಳಿಗೆ ಅಡುಗೆ ಮಾಡುವವರು ಅವರೇ, ಪಾತ್ರೆ ತೊಳೆದು ಆವಿಯಲ್ಲಿ ಬೇಯಿಸಿ ಶುದ್ಧ ಮಾಡುವವರು ಅವರೇ, ಯಾರ ಜೊತೆ ಯಾರು ಮಾತು ಬಿಟ್ಟಿದ್ದಾರೆಂದು ನೋಡಿಕೊಂಡು ಇಬ್ಬರನ್ನೂ ಒಂದೇ ಕೆಲಸಕ್ಕೆ ಹಚ್ಚುವವರೂ ಅವರೇ. ಮೂವತ್ನಾಲ್ಕು ವರ್ಷ ಅದನ್ನೇ ಮಾಡಿದ್ದರು. ಪ್ಯಾಕರ್ಸ್ ಫುಟ್‌ಬಾಲ್ ತಂಡದ ಹಸಿರು ಏಪ್ರನ್ ಕಟ್ಟಿಕೊಂಡು ಬೆಳಿಗ್ಗೆ ಏಳಕ್ಕೆ ಬಂದರೆ ಏಳೂಕಾಲಿಗೆ ಇಡೀ ಮಹಡಿಗೆ ಸಾರಿನಂಥ ಒಂದು ವಾಸನೆ ಹಬ್ಬುತ್ತಿತ್ತು. ಆ ವಾಸನೆ ಈಗಲೂ ನನಗೆ ಮನೆಯ ವಾಸನೆ.

ಇದೆಲ್ಲಕ್ಕಿಂತ ದೊಡ್ಡ ಹೊಣೆ ಇನ್ನೊಂದಿತ್ತು. ನಮ್ಮಲ್ಲಿದ್ದ ನೂರೈವತ್ತು ಚಿಲ್ಲರೆ ಬ್ಯಾಕ್ಟೀರಿಯ ತಳಿಗಳಿಗೆಲ್ಲ ಅವರೇ ಕಾವಲು. ಒಂದೊಂದು ತಳಿಯೂ ಬೆರಳುದ್ದದ ಪುಟ್ಟ ಸೀಸೆಯಲ್ಲಿ, ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಮಲಗಿರುತ್ತಿತ್ತು. ಫ್ರೀಜರ್ ಕೈಕೊಟ್ಟರೆ ಇರಲಿ ಎಂದು ಮರದ ಡ್ರಾಯರಿನಲ್ಲಿ ಗಟ್ಟಿ ಆಹಾರ ತುಂಬಿದ ಗಾಜಿನ ಬಾಟಲಿಗಳಲ್ಲೂ ಒಂದೊಂದು ಚೂರು ಚುಚ್ಚಿ ಇಟ್ಟಿರುತ್ತಿದ್ದರು. ಎಲ್ಲಕ್ಕೂ ಒಂದು ಕೆಂಪು ರಟ್ಟಿನ ಪುಸ್ತಕವಿತ್ತು: ತಳಿಯ ಸಂಖ್ಯೆ, ಎಲ್ಲಿಂದ ಬಂತು, ಎಂದು ಹೆಪ್ಪುಗಟ್ಟಿಸಿದ್ದು. ಕೊನೆಯ ಅಂಕಣ, ‘ಆರಿಸಿದವರು’. ಆ ಅಂಕಣದಲ್ಲಿ ಮೊದಲ ಪುಟದಿಂದ ಕೊನೆಯವರೆಗೆ ಎಲ್.ಟಿ. ಎಂಬ ಎರಡೇ ಅಕ್ಷರ.

ಏಕೆಂದರೆ ದಾಸ್ತಾನಿಗೆ ತಳಿ ಆರಿಸುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ತಟ್ಟೆಯ ಮೇಲೆ ಬ್ಯಾಕ್ಟೀರಿಯ ಹರಡಿ ಎರಡು ದಿನ ಬಿಟ್ಟರೆ ಚುಕ್ಕೆ ಚುಕ್ಕೆಯಾಗಿ ಬೆಳೆಯುತ್ತದೆ. ಒಂದೊಂದು ಚುಕ್ಕೆಯೂ ಒಂದೇ ಜೀವಕೋಶದ ಸಂತಾನ. ಆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, ಹೆಣ್ಣು ನೋಡಲು ಬಂದ ಅತ್ತೆಯ ಹಾಗೆ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಒಂದನ್ನು ಹಲ್ಲುಕಡ್ಡಿಯಿಂದ ಎತ್ತುತ್ತಿದ್ದರು. ಅದು ಯಾವಾಗಲೂ ತೀರ ಸಾಧಾರಣ ಗಾತ್ರದ ಚುಕ್ಕೆ. ನಾನು ಸೇರಿದ ಹೊಸತರಲ್ಲಿ, ಅಷ್ಟು ದುಂಡಗಿರುವುದನ್ನು ಬಿಟ್ಟು ಇದನ್ನೇಕೆ ಎತ್ತಿದಿರಿ ಎಂದು ಕೇಳಿದ್ದೆ. ಗುಂಪಿನಲ್ಲಿ ಎಲ್ಲರ ಹಾಗಿರುವುದೇ ಗುಂಪಿನ ನಿಜವಾದ ಮುಖ, ಎದ್ದು ಕಾಣುವುದಕ್ಕೆ ಏನೋ ಆಗಿರುತ್ತದೆ ಎಂದಿದ್ದರು.

ಇನ್ನು ನನ್ನ ವಿಷಯ. ನಾನು ಕಾರಿನ್, ಆಗ ಮೂರನೆಯ ವರ್ಷದ ಸಂಶೋಧನಾ ವಿದ್ಯಾರ್ಥಿನಿ. ಮೂಗಿನ ತುದಿಯಲ್ಲೇ ಕೋಪ. ಒಮ್ಮೆ ತಕ್ಕಡಿಗೆ ಒದ್ದು ಹೆಬ್ಬೆರಳು ಊದಿಸಿಕೊಂಡಿದ್ದೆ, ಅದಕ್ಕೆ ಐಸ್ ಕಟ್ಟಿದ್ದೂ ಲವೋನ್.

ನನ್ನ ಕೆಲಸ ಹಸಿದ ಬ್ಯಾಕ್ಟೀರಿಯಗಳ ಬಗ್ಗೆ. ಜೀವಕೋಶದೊಳಗೆ ಜೀನುಗಳನ್ನು ನಕಲು ತೆಗೆಯುವ ಒಂದು ಯಂತ್ರವಿದೆ, ಆರ್‌ಎನ್‌ಎ ಪಾಲಿಮರೇಸ್. ನಕಲು ತೆಗೆಯುವುದರಲ್ಲಿ ಅದು ಗಟ್ಟಿಗ, ಆದರೆ ಎಲ್ಲಿಂದ ಶುರು ಮಾಡಬೇಕೆಂದು ಅದಕ್ಕೆ ತಾನಾಗಿ ಗೊತ್ತಿಲ್ಲ. ಸಿಗ್ಮಾ ಎಂಬ ಪುಟ್ಟ ಪ್ರೋಟೀನು ಬಂದು ಕೂತಾಗಲೇ ಅದಕ್ಕೆ ಕಣ್ಣು ಬರುವುದು. ಪ್ರತಿ ಜೀನಿನ ಮುಂದೆ, ಶುರುವಾಗುವ ಜಾಗಕ್ಕೆ ಡಿಎನ್‌ಎಯ ಹತ್ತು ಅಕ್ಷರ ಹಿಂದೆ ಒಂದು, ಮೂವತ್ತೈದು ಅಕ್ಷರ ಹಿಂದೆ ಇನ್ನೊಂದು ಗುರುತು ಇರುತ್ತದೆ. ಅದೇ ಪ್ರಮೋಟರ್. ಸಿಗ್ಮಾ ಆ ಗುರುತನ್ನು ಓದಿ ಯಂತ್ರವನ್ನು ಅಲ್ಲಿ ಇಳಿಸುತ್ತದೆ, ಕೆಲಸ ಶುರುವಾದ ಮೇಲೆ ಹೆಚ್ಚಾಗಿ ಬಿಟ್ಟು ಹೋಗುತ್ತದೆ.

ಸಿಗ್ಮಾಗಳು ಒಂದಲ್ಲ, ಹಲವು. ಹೊಟ್ಟೆ ತುಂಬಿರುವ ದಿನಗಳಲ್ಲಿ ದಿನನಿತ್ಯದ ಸಿಗ್ಮಾ ಇರುತ್ತದೆ, ಬೆಳೆಯುವ ಕೆಲಸವೆಲ್ಲ ಅದರದು. ಬಿಸಿ ತಟ್ಟಿದರೆ ಇನ್ನೊಂದು ಬರುತ್ತದೆ. ಹಸಿವು ಬಂದರೆ ಬರುವುದು ಸಿಗ್ಮಾ-ಎಸ್. ಅನ್ನ ಇರುವವರೆಗೆ ಜೀವಕೋಶ ಅದನ್ನು ಮಾಡುತ್ತಲೇ ಕೆಡವುತ್ತಿರುತ್ತದೆ. ಹಸಿವಾದ ಕೂಡಲೇ ಕೆಡವುವುದು ನಿಂತು ಅದು ತುಂಬಿಕೊಳ್ಳುತ್ತದೆ, ಒಂದಷ್ಟು ಯಂತ್ರಗಳನ್ನು ತನ್ನ ಕಡೆ ಎಳೆದುಕೊಂಡು ನೂರಾರು ಕಾಪಿನ ಜೀನುಗಳನ್ನು ಎಬ್ಬಿಸುತ್ತದೆ. ಬೆಳವಣಿಗೆ ಕುಗ್ಗುತ್ತದೆ, ಕೋಶ ಗಟ್ಟಿಯಾಗುತ್ತದೆ. ಯಂತ್ರಗಳೇನೂ ಹೊಸವಲ್ಲ, ಯಾರು ಕೂರುತ್ತಾರೆ ಎಂಬುದಷ್ಟೇ ಬದಲಾಗುವುದು.

ನಾನು ಹೊಸದೊಂದು ಪ್ರಮೋಟರನ್ನು ಕಂಡುಹಿಡಿದಿದ್ದೆ. ಅದು ಸಿಗ್ಮಾ-ಎಸ್ ಓದುವ ಗುರುತು ಎಂಬುದು ನನ್ನ ವಾದ. ಅದರ ಹಿಂದೆ ನೀಲಿ ಬಣ್ಣ ಕೊಡುವ ಜೀನೊಂದನ್ನು ಜೋಡಿಸಿದ್ದೆ. ಚೆನ್ನಾಗಿ ಉಣ್ಣಿಸಿದರೆ ಬ್ಯಾಕ್ಟೀರಿಯ ಬಿಳಿ, ಉಪವಾಸ ಕೆಡವಿದರೆ ನೀಲಿ. ಒಂದು ವಸಂತವಿಡೀ ಆ ನೀಲಿ ನೋಡಿ ನಾನು ನೆಲದ ಮೇಲಿರಲಿಲ್ಲ. ಬೇಸಿಗೆಯಲ್ಲಿ ಬರೆಯಲು ಕೂತೆ, ಶರತ್ಕಾಲದಲ್ಲಿ ಪಾಠ ಹೇಳುವ ಪಾಳಿ ಬಂತು. ನವೆಂಬರಿನಲ್ಲಿ ಫ್ರೀಜರಿನಿಂದ ತಳಿ ತೆಗೆದು, ಕೊನೆಯದೊಂದು ಸಲ ಎಂದು ಮತ್ತೆ ಮಾಡಿದೆ. ನೀಲಿ ಬರಲಿಲ್ಲ.

ಎರಡನೆಯ ಸಲವೂ ಇಲ್ಲ. ಐದನೆಯ ಸಲವೂ ಇಲ್ಲ. ಪ್ರಮೋಟರಿನ ಅಕ್ಷರಗಳನ್ನು ಓದಿಸಿ ತರಿಸಿದೆ, ಒಂದೂ ಅತ್ತಿತ್ತ ಆಗಿರಲಿಲ್ಲ. ದಿನನಿತ್ಯದ ಸಿಗ್ಮಾ ಓದುವ ಬೇರೆ ಪ್ರಮೋಟರಿಗೆ ಅದೇ ಬಣ್ಣ ಜೋಡಿಸಿದರೆ ಕಡುನೀಲಿ. ಗುರುತು ನೆಟ್ಟಗಿದೆ, ಬಣ್ಣ ನೆಟ್ಟಗಿದೆ, ಆದರೂ ಹಸಿದಾಗ ನೀಲಿಯಿಲ್ಲ.

ಪ್ರೊಫೆಸರ್ ಹಾಲಿಸ್ ಗ್ರೇಂಜರ್ ಕೆಟ್ಟವರಲ್ಲ, ಆದರೆ ಮೆತ್ತಗೆ ಹೇಳಿಯೇ ಕೊಲ್ಲುವ ಜಾತಿ. ಜನವರಿಯಲ್ಲಿ ನನ್ನನ್ನು ಕೂರಿಸಿಕೊಂಡು, ಮೊದಲ ನೀಲಿಯೇ ಕೈತಪ್ಪಿನಿಂದ ಬಂದಿರಬಹುದಲ್ಲವೇ ಎಂದರು. ನಾನು ಅವಸರದವಳೆಂದು ಅವರಿಗೆ ಮೊದಲಿಂದ ಅನುಮಾನವಂತೆ. ಮಾರ್ಚ್ ಕೊನೆಯೊಳಗೆ ನೀಲಿ ಮತ್ತೆ ಬಾರದಿದ್ದರೆ ಈ ವಿಷಯ ಬಿಟ್ಟುಬಿಡಬೇಕು, ಪಿಎಚ್‌ಡಿ ಬದಲು ಮಾಸ್ಟರ್ಸ್ ತಗೊಂಡು ಹೋಗುವುದರಲ್ಲಿ ಅವಮಾನವೇನಿಲ್ಲ ಎಂದರು. ಅವಮಾನವಿಲ್ಲ ಎಂದು ಅವರು ಹೇಳಿದ್ದರಿಂದಲೇ ಅವಮಾನವೆಂದು ಗೊತ್ತಾಯಿತು.

ಲವೋನ್‌ಗೂ ಅದು ಕೊನೆಯ ಚಳಿಗಾಲ. ಮೇ ತಿಂಗಳಿಗೆ ನಿವೃತ್ತಿ. ಹಿಂದಿನ ಜುಲೈಯಲ್ಲಿ ಅವರ ಗಂಡ ಡೆಲ್ಮರ್‌ಗೆ ಪಾರ್ಶ್ವವಾಯು ಬಡಿದಿತ್ತು. ಮೆಂಡೋಟಾ ಸರೋವರದ ಹಿಮಕ್ಕೆ ತೂತು ಕೊರೆದು ದಿನವಿಡೀ ಮೀನಿಗೆ ಕಾಯುತ್ತಿದ್ದ ಮನುಷ್ಯ ಈಗ ಚಮಚ ಹಿಡಿಯುವುದನ್ನು ಹೊಸದಾಗಿ ಕಲಿಯುತ್ತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಲವೋನ್ ಮನೆಗೆ ಓಡಿ, ಅವರಿಗೆ ಉಣ್ಣಿಸಿ, ಒಂದಕ್ಕೆ ವಾಪಸಾಗುತ್ತಿದ್ದರು. ಒಂದು ದಿನವೂ ಗೊಣಗಿದ್ದು ಕೇಳಲಿಲ್ಲ. ಹಾಡು ಗುನುಗುವುದನ್ನು ಮಾತ್ರ ಬಿಟ್ಟಿದ್ದರು.

ಫೆಬ್ರವರಿಯ ಒಂದು ಸೋಮವಾರ ಹನ್ನೊಂದನೆಯ ಸಲ ಬಿಳಿ ತಟ್ಟೆ ಕಂಡಾಗ ನಾನು ಅದನ್ನು ಮೇಜಿನ ಮೇಲೆ ಕುಕ್ಕಿದೆ. ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಲವೋನ್ ಕೈಗವಸು ಹಾಕಿಕೊಂಡು ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ತಂದರು. ನೆಲ ಒರೆಸಲು ಉಳಿದವರು ಬ್ಲೀಚ್ ಬಳಸುತ್ತಿದ್ದರು, ಅವರಿಗೆ ಮಾತ್ರ ಗಾಯ ತೊಳೆಯುವ ಈ ನೀರೇ ಆಗಬೇಕು. ಬ್ಯಾಕ್ಟೀರಿಯದ ಮೇಲೆ ಸುರಿದರೆ ಬುಸ್ಸನೆ ನೊರೆ ಏಳುತ್ತದೆ, ಎಲ್ಲೆಲ್ಲಿ ಚೆಲ್ಲಿದೆಯೆಂದು ಕಣ್ಣಿಗೇ ಕಾಣುತ್ತದೆ ಎಂಬುದು ಅವರ ಲೆಕ್ಕ.

ಸುರಿದರು. ಬಗ್ಗಿ ನೋಡಿದರು. ಇನ್ನಷ್ಟು ಸುರಿದರು.

"ಕಾರಿನ್, ಇಲ್ಲಿ ಬಾ. ಇದ್ಯಾಕೆ ಸುಮ್ನೆ ಕೂತಿದೆ?"

ಒಂದೆರಡು ಸೋಮಾರಿ ಗುಳ್ಳೆ ಬಿಟ್ಟರೆ ಏನೂ ಇರಲಿಲ್ಲ. ಒಡೆದದ್ದಕ್ಕೆ ಬೈಯುತ್ತಾರೆಂದು ಕಾಯುತ್ತಿದ್ದ ನಾನು, ಕ್ಷಮಿಸಿ, ನಾನೇ ಒರೆಸುತ್ತೇನೆ ಎಂದೆ.

"ಒರೆಸೋದಿರಲಿ. ಮೂವತ್ನಾಲ್ಕು ವರ್ಷದಿಂದ ಈ ನೆಲ ಒರೆಸ್ತಿದೀನಿ ಕಣೇ. ನಿನ್ನೆ ಮೊನ್ನೆಯ ತಟ್ಟೆ ಅಂದ್ರೆ ಹಾಲು ಉಕ್ಕಿದ ಹಾಗೆ ಉಕ್ಕುತ್ತೆ. ಇದಕ್ಕೆ ಏನೋ ಆಗಿದೆ."

ಪಕ್ಕದ ಕೋಣೆಯಲ್ಲಿ ಕಾಲೇಜು ಮಕ್ಕಳಿಗೆ ಕಲಿಸಲು ಇಟ್ಟಿದ್ದ ಬಡಪಾಯಿ ತಳಿಯೊಂದರ ತಟ್ಟೆ ತಂದು ಹನಿ ಬಿಟ್ಟರು. ಬುಸ್ಸೆಂದು ನೊರೆ ಎದ್ದು ಚುಕ್ಕೆಯೇ ಮುಚ್ಚಿಹೋಯಿತು. ಪೆರಾಕ್ಸೈಡ್ ಒಡೆದು ನೊರೆ ಎಬ್ಬಿಸುವ ಕಿಣ್ವಗಳು ಎರಡು. ಬೆಳವಣಿಗೆ ನಿಂತ ಮೇಲೆ ಅವುಗಳಲ್ಲಿ ಜೋರಿನದು ಒಂದು, ಅದನ್ನು ಮಾಡಿಸುವುದು ಸಿಗ್ಮಾ-ಎಸ್. ನಾನೇ ಬರೆದ ಪ್ರಬಂಧದ ಎರಡನೆಯ ಪುಟದಲ್ಲಿ ಅದಿದೆ. ಹನ್ನೊಂದು ಸಲ ಗುರುತನ್ನು ಅನುಮಾನಿಸಿದ ನಾನು ಓದುವವನು ಮನೆಯಲ್ಲಿದ್ದಾನೆಯೇ ಎಂದು ಒಮ್ಮೆಯೂ ಬಾಗಿಲು ತಟ್ಟಿರಲಿಲ್ಲ.

ಸಿಗ್ಮಾ-ಎಸ್‌ನ ಜೀನನ್ನೇ ಓದಿಸಿದೆ. ನಡುವೆ ಒಂದು ಅಕ್ಷರ ಉದುರಿಹೋಗಿತ್ತು, ಅಲ್ಲಿಂದ ಮುಂದಿನದೆಲ್ಲ ಅರ್ಥವಿಲ್ಲದ ಸಾಲು. ನನ್ನ ಬ್ಯಾಕ್ಟೀರಿಯಗಳಿಗೆ ಹಸಿವನ್ನು ಎದುರಿಸುವವನೇ ಇರಲಿಲ್ಲ.

ಹೇಗೆ ಆಯಿತು ಎಂದು ಸೀಸೆ ನೋಡಿದೆ. ಮೇಲೆ ಲವೋನ್ ಅಕ್ಷರ, ಜುಲೈ ಹದಿನೇಳು. ಆಗ ನೆನಪಾಯಿತು. ಅದಕ್ಕೆ ಮುಂಚಿನ ವಾರಾಂತ್ಯ ಸಿಡಿಲು ಹೊಡೆದು ಫ್ರೀಜರ್ ಸುಟ್ಟಿತ್ತು, ಸೋಮವಾರದ ಹೊತ್ತಿಗೆ ಎಲ್ಲ ಕರಗಿ ನೀರಾಗಿತ್ತು. ಆ ವಾರ ಶುರು ಮಾಡಿ ಸೆಪ್ಟೆಂಬರಿನವರೆಗೆ, ಡ್ರಾಯರಿನ ಬಾಟಲಿಗಳಿಂದ ಎಲ್ಲ ತಳಿಗಳನ್ನೂ ಲವೋನ್ ಮತ್ತೆ ಎಬ್ಬಿಸಿದ್ದರು. ಡೆಲ್ಮರ್ ಆಸ್ಪತ್ರೆಗೆ ಸೇರಿದ್ದೂ ಅದೇ ವಾರ.

ಡ್ರಾಯರಿನಲ್ಲಿ ತಿಂಗಳುಗಟ್ಟಲೆ ಹಸಿದು ಕೂತ ಬಾಟಲಿಯೊಳಗೆ ಇಂಥ ಕೆಟ್ಟವು ಹುಟ್ಟಿಕೊಳ್ಳುತ್ತವೆ. ಅದರ ಮೇಲೆ ನಮ್ಮಲ್ಲಿ ಹಾಲಿಸ್ ಹಾಕಿದ ಒಂದು ನಿಯಮ: ದಾಸ್ತಾನಿಗೆ ಮೊದಲು ತಳಿಯನ್ನು ಸಕ್ಸಿನೇಟ್ ಎಂಬ ಬಡ ಆಹಾರದ ಮೇಲೆ ಬೆಳೆಸಿ ನೋಡಬೇಕು. ಆ ಬಡ ಊಟದಲ್ಲಿ ಸಿಗ್ಮಾ-ಎಸ್ ಒಂದಷ್ಟು ಯಂತ್ರ ಹಿಡಿದುಕೊಂಡು ಬೆಳವಣಿಗೆಗೆ ಲಗಾಮು ಹಾಕುತ್ತದೆ. ಅದನ್ನು ಕಳೆದುಕೊಂಡವಕ್ಕೆ ಲಗಾಮಿಲ್ಲ, ಯಂತ್ರವೆಲ್ಲ ಬೆಳೆಯುವುದಕ್ಕೇ. ಹಾಗಾಗಿ ಅವು ದಪ್ಪಗೆ, ದುಂಡಗೆ, ಕಣ್ಣು ಕುಕ್ಕುವ ಹಾಗೆ ಬೆಳೆಯುತ್ತವೆ, ಆದರೆ ಕಷ್ಟ ಬಂದ ದಿನ ಮೊದಲು ಸಾಯುವುದೂ ಅವೇ. ಅಂದರೆ ಆ ವಾರ ಲವೋನ್ ದಪ್ಪ ಚುಕ್ಕೆಯನ್ನು ಎತ್ತಿದ್ದರು. ಎದ್ದು ಕಾಣುವುದಕ್ಕೆ ಏನೋ ಆಗಿರುತ್ತದೆ ಎಂದು ನನಗೆ ಹೇಳಿದವರು.

ಈಗ ನನ್ನ ಹೆಸರು ಉಳಿಯಬೇಕಾದರೆ ಆ ಸೀಸೆಯನ್ನು ಹಾಲಿಸ್ ಮುಂದೆ ಇಡಬೇಕು. ಇಟ್ಟರೆ ಮೂವತ್ನಾಲ್ಕು ವರ್ಷದ ಎಲ್.ಟಿ. ಮೇಲೆ ಕೊನೆಯ ಮೂರು ತಿಂಗಳಲ್ಲಿ ಮಸಿ. ಎರಡು ದಿನ ನನಗೆ ಊಟ ಸೇರಲಿಲ್ಲ. ಕೊನೆಗೆ ತೀರ್ಮಾನಿಸಿದೆ: ಹಳೆಯ ತಟ್ಟೆಯೊಂದರಿಂದ ಬ್ಯಾಕ್ಟೀರಿಯ ತಗೊಂಡೆ, ತಪ್ಪು ನನ್ನದೇ ಎಂದುಬಿಡುತ್ತೇನೆ. ಅವಸರದವಳೆಂಬ ಹೆಸರು ಹೇಗೂ ಇದೆ, ಇನ್ನೊಂದು ಸೇರಿದರೆ ಸೇರಲಿ. ನನಗೆ ಅವರ ಮೇಲೆ ಅಷ್ಟು ಪ್ರೀತಿ ಇತ್ತು, ಅದನ್ನು ಆ ಎರಡು ದಿನದಲ್ಲೇ ತಿಳಿದೆ.

ಗುರುವಾರ ಬೆಳಿಗ್ಗೆ ಹಾಲಿಸ್ ಕೋಣೆಗೆ ಹೊರಟವಳನ್ನು ಅಡುಗೆ ಕೋಣೆಯ ಬಾಗಿಲಲ್ಲೇ ಲವೋನ್ ತಡೆದರು. ಮೇಜಿನ ಮೇಲೆ ಕೆಂಪು ಪುಸ್ತಕ, ಪಕ್ಕದಲ್ಲಿ ಹತ್ತಿಪ್ಪತ್ತು ತಟ್ಟೆ. ಜುಲೈಯ ತಳಿಗಳನ್ನೆಲ್ಲ ಅವರು ಆಗಲೇ ಬೆಳೆಸಿ ಹನಿ ಹಾಕಿ ನೋಡಲು ಶುರು ಮಾಡಿದ್ದರು.

"ಅವರ ಹತ್ರ ಏನ್ ಹೇಳೋಕೆ ಹೊರಟಿದೀಯ?"

ನಾನು ನನ್ನ ಸುಳ್ಳನ್ನು ಒಪ್ಪಿಸಿದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ, ಕಿವಿ ಕೆಂಪಾಗುತ್ತದೆ.

"ನೀನು ತುಂಬ ಒಳ್ಳೇ ಹುಡುಗಿ. ಹಾಗೇ ಶುದ್ಧ ಪೆದ್ದಿ," ಎಂದರು. "ನೀನು ಹಳೇ ತಟ್ಟೆ ಅಂದ್ಬಿಟ್ರೆ ಈ ಸೀಸೆ ಸರಿಯಿದೆ ಅಂತಾಗುತ್ತೆ. ಮುಂದೆ ಬರೋ ಮಕ್ಕಳೆಲ್ಲ ಇದನ್ನೇ ತಗೊಂಡು ನಿನ್ನ ಹಾಗೆ ಅಳ್ತಾ ಕೂರ್ತಾರೆ. ಅದಕ್ಕಾ ನಾನು ಈ ಪುಸ್ತಕ ಬರೆದಿದ್ದು?"

ಅವರು ಒಂದು ತಟ್ಟೆ ಎತ್ತಿ ಕಿಟಕಿಗೆ ಹಿಡಿದರು.

"ಆ ವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಇಲ್ಲಿಗೆ ಬರ್ತಿದ್ದೆ. ಡೆಲ್ಮರ್ ನನ್ನ ನೋಡಿದ್ರೂ ಗುರುತು ಹಿಡೀತಿರಲಿಲ್ಲ. ಇಲ್ಲಿ ಬಂದು ತಟ್ಟೆ ತೆಗೆದ್ರೆ ಇವು, ಎಷ್ಟು ದುಂಡಗೆ, ಎಷ್ಟು ಲಕ್ಷಣವಾಗಿ ಇದ್ವು ಗೊತ್ತಾ? ನನಗೆ ಗೊತ್ತಿತ್ತು ಕಾರಿನ್. ಎತ್ತಬಾರದು ಅಂತ ಗೊತ್ತಿತ್ತು. ಆದ್ರೆ ಆ ವಾರ ಚೆನ್ನಾಗಿರೋದೊಂದನ್ನ ನೋಡ್ಬೇಕು ಅನ್ನಿಸಿತ್ತು, ಅಷ್ಟೇ."

ಪುಸ್ತಕ ಎದೆಗವಚಿಕೊಂಡು ಅವರೇ ಹಾಲಿಸ್ ಕೋಣೆಗೆ ಹೋದರು. ಒಳಗೆ ಏನು ಮಾತಾಯಿತೋ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಅರ್ಧ ಗಂಟೆಯ ಮೇಲೆ ಹಾಲಿಸ್ ನನ್ನ ಮೇಜಿನ ಬಳಿ ಬಂದು ಸ್ಟೂಲು ಎಳೆದು ಕೂತರು. ಜನವರಿಯಲ್ಲಿ ಹಾಗೆ ಹೇಳಬಾರದಿತ್ತು ಎಂದರು. ಸಕ್ಸಿನೇಟ್ ನಿಯಮ ನನ್ನದೇ, ಅದನ್ನು ಇವತ್ತಿಂದ ತೆಗೆದುಹಾಕಿದ್ದೇನೆ ಎಂದೂ ಹೇಳಿದರು. ಆಮೇಲೆ ಮೊದಲ ಸಲ ನೀಲಿ ಬಂದ ಪುಟವನ್ನು ತೋರಿಸು ಎಂದು ಕೇಳಿ, ಕನ್ನಡಕ ಹಾಕಿಕೊಂಡು ಎಲ್ಲ ಓದಿದರು.

ಆದರೆ ಒಳ್ಳೆಯ ತಳಿ ಇರಲಿಲ್ಲ. ಫ್ರೀಜರಿನದು ಕೆಟ್ಟಿತ್ತು, ಬಾಟಲಿಯದೂ ಕೆಟ್ಟಿತ್ತು. ಮಾರ್ಚ್ ಕೊನೆ ಹತ್ತಿರ ಬರುತ್ತಿತ್ತು. ಆಗ ಲವೋನ್ ಪುಸ್ತಕದ ಹಿಂಬದಿಯ ಪುಟ ತೆಗೆದರು. ಯಾರು ಯಾವ ತಳಿ ಕೇಳಿದರೂ ನಾವು ಅಂಚೆಯಲ್ಲಿ ಸುಮ್ಮನೆ ಕಳಿಸಿಬಿಡುತ್ತೇವೆ, ಅದು ಈ ಕಸುಬಿನ ವಾಡಿಕೆ. ಅಲ್ಲಿ ಬರೆದಿತ್ತು: ಹಿಂದಿನ ಮೇ ತಿಂಗಳು, ಫ್ರೀಜರ್ ಕೆಡುವ ಮೊದಲು, ಕೆನಡಾದ ಸ್ಯಾಸ್ಕಟೂನಿನ ಒಬ್ಬರಿಗೆ ನನ್ನ ತಳಿ ಹೋಗಿದೆ. ಕೂಡಲೇ ಫೋನು ಮಾಡಿದರು. ಬಂದ ದಿನವೇ ಹೆಪ್ಪುಗಟ್ಟಿಸಿದ್ದೀರಾ, ಸಕ್ಸಿನೇಟ್ ಮೇಲೆ ಹಾಕಿಲ್ಲ ತಾನೇ ಎಂದು ಮೂರು ಮೂರು ಸಲ ಕೇಳಿದರು. ಎಂಟು ದಿನಕ್ಕೆ ಒಂದು ಚೂರು ಒಣ ಕಾಗದಕ್ಕೆ ಮೆತ್ತಿದ ಬ್ಯಾಕ್ಟೀರಿಯ ಲಕೋಟೆಯಲ್ಲಿ ಬಂತು.

ಅಷ್ಟರಲ್ಲಿ ನಾವಿಬ್ಬರೂ ನೂರೈವತ್ತು ತಳಿಗಳನ್ನೂ ಹನಿ ಹಾಕಿ ನೋಡಿದ್ದೆವು. ನಾನು ಹನಿ ಬಿಡುವುದು, ಅವರು ಬರೆಯುವುದು. ಹತ್ತೊಂಬತ್ತು ಕೆಟ್ಟಿದ್ದವು, ಹತ್ತೊಂಬತ್ತೂ ಜುಲೈಯ ಆ ವಾರದವು. ಒಂದೊಂದರ ಎದುರಿಗೂ ಅದೇ ಮಾತನ್ನು ದುಂಡಗೆ ಬರೆದರು: ತಪ್ಪು ಚುಕ್ಕೆ ಆರಿಸಿದ್ದು, ತಪ್ಪು ನನ್ನದು, ಎಲ್.ಟಿ. ಒಂದು ಸಲ ಬರೆದರೆ ಸಾಲದೇ ಎಂದು ಕೇಳಿದ್ದಕ್ಕೆ, ಓದುವವರು ಒಂದೇ ಸಾಲು ಓದುತ್ತಾರೆ, ಯಾವ ಸಾಲು ಅಂತ ನಮಗೇನು ಗೊತ್ತು ಎಂದರು. ಅವುಗಳ ಒಳ್ಳೆಯ ಪ್ರತಿ ಯಾರ ಬಳಿ ಇದೆಯೋ ಅವರಿಗೆಲ್ಲ ಕಾಗದ ಬರೆದರು. ಕೆಲಸದ ನಡುವೆ ಡೆಲ್ಮರ್ ಸುದ್ದಿ ಬರುತ್ತಿತ್ತು: ಇವತ್ತು ಚಮಚ ಬಾಯಿವರೆಗೆ ಹೋಯಿತು, ಇವತ್ತು ಕಾಫಿ ಸರಿಯಿಲ್ಲವೆಂದು ಬೈದರು. ಬೈದ ದಿನ ಅವರು ಮತ್ತೆ ಗುನುಗಿದರು.

ಸ್ಯಾಸ್ಕಟೂನಿನಿಂದ ಬಂದದ್ದನ್ನು ಒಳ್ಳೆಯ ಊಟದ ತಟ್ಟೆಯ ಮೇಲೆ ಹರಡಿದೆವು. ಮಾರ್ಚ್ ಇಪ್ಪತ್ತೆಂಟು, ಶುಕ್ರವಾರ. ಲವೋನ್ ಏಪ್ರನ್ನಿಗೆ ಕೈ ಒರೆಸಿಕೊಂಡು ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮೊದಲು ಒಂದು ಬದಿಯ ಚುಕ್ಕೆಗೆ ಹನಿ ಹಾಕಿದರು. ಬುಸ್ಸೆಂದು ನೊರೆ ಎದ್ದಿತು. ನಾನು ಅವರ ಮುಖ ನೋಡಿದೆ, ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು, ನಾಚಿಕೆಯೇನಿಲ್ಲ.

ಆಮೇಲೆ ದಾಸ್ತಾನಿಗೆ ಒಂದನ್ನು ಎತ್ತಬೇಕಿತ್ತು. ಅವರು ಹಲ್ಲುಕಡ್ಡಿಯ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

"ನೀನು ಎತ್ತು."

ನನಗೆ ಅಭ್ಯಾಸವಿಲ್ಲ, ನೀವೇ ಎತ್ತಿ ಎಂದೆ. ಅವರು ಕೈಕಟ್ಟಿ ನಿಂತರು. ನಾನು ತಟ್ಟೆ ಕಿಟಕಿಗೆ ಹಿಡಿದೆ. ಬಲಗಡೆ ಅಂಚಿನಲ್ಲಿ ಒಂದು ಚುಕ್ಕೆ ಉಳಿದವಕ್ಕಿಂತ ಮುದ್ದಾಗಿ, ಕೊಬ್ಬಿ ಕೂತಿತ್ತು. ನನ್ನ ಕಣ್ಣು ಅದರ ಮೇಲೆಯೇ ಹೋಯಿತು. ಅವರಿಗೂ ಅದು ಕಂಡಿತ್ತು. ಕೋಪಿಷ್ಠೆ ಅವಸರದವಳು ಎಂದು ಹೆಸರಾದ ನಾನು ಆವತ್ತು ಹತ್ತು ನಿಮಿಷ ತಟ್ಟೆ ತಿರುಗಿಸಿದೆ. ಕೊನೆಗೆ ನಡುವಿನ, ಯಾರೂ ತಿರುಗಿ ನೋಡದ ಒಂದನ್ನು ಎತ್ತಿದೆ.

ಮುಂದಿನ ಸೋಮವಾರ, ಹಾಲಿಸ್ ಕೊಟ್ಟ ಗಡುವಿನ ಕೊನೆಯ ದಿನ, ಆ ಚುಕ್ಕೆಯ ಮಕ್ಕಳು ಉಪವಾಸದಲ್ಲಿ ನೀಲಿಯಾದವು, ಹಿಂದಿನ ವಸಂತದಷ್ಟೇ ನೀಲಿ. ನನ್ನ ಪದವಿ, ಈಗಿನ ನನ್ನ ಕೆಲಸ, ನನ್ನ ಸ್ವಂತ ಪ್ರಯೋಗಾಲಯ ಎಲ್ಲ ಅಲ್ಲಿಂದ ಬಂದವು.

ಆದರೆ ನಾನು ಕಾಪಿಟ್ಟುಕೊಂಡಿರುವುದು ಆ ಶುಕ್ರವಾರವನ್ನು. ಸೀಸೆಗೆ ಮುಚ್ಚಳ ಹಾಕಿದ ಮೇಲೆ ಲವೋನ್ ಕೆಂಪು ಪುಸ್ತಕ ತೆರೆದು ಸಂಖ್ಯೆ ಬರೆದರು, ತಾರೀಖು ಬರೆದರು. ಕೊನೆಯ ಅಂಕಣಕ್ಕೆ ಬಂದಾಗ ರೂಢಿಯಿಂದ ‘ಎಲ್’ ಎಂದು ಬರೆದುಬಿಟ್ಟರು. ಪೆನ್ನು ನಿಲ್ಲಿಸಿದರು. ಅದನ್ನು ನಿಧಾನಕ್ಕೆ ಹೊಡೆದುಹಾಕಿ, ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಪೆನ್ನು ನನ್ನ ಕೈಗೆ ಕೊಟ್ಟರು.